ಬಾಯಿಮಾತಲ್ಲೇ ಕೆಲಸದಿಂದ ತೆಗೆದರೆ ಪತ್ರ ಹೇಗಿರಬೇಕು

"ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ಆರು ವರ್ಷದಿಂದ ಬಿಲ್ಲಿಂಗ್ ಕೆಲಸ, ಸಂಬಳ 18,000. ನಾಳೆಯಿಂದ ಬರಬೇಡ ಅಂದ್ರು. ಪತ್ರದಲ್ಲಿ ಏನು ಬರೀಲಿ?"

ಮೊದಲು ಇದನ್ನು ಬರೆಯಿರಿ: "ನಾನು ರಾಜೀನಾಮೆ ಕೊಟ್ಟಿಲ್ಲ. ಇಂಥ ತಾರೀಖು ಮಾಲೀಕರು ಬಾಯಿಮಾತಿನಲ್ಲಿ ಬರಬೇಡ ಎಂದರು. ಈಗಲೂ ಕೆಲಸಕ್ಕೆ ಬರಲು ಸಿದ್ಧನಿದ್ದೇನೆ." ಈ ಸಾಲುಗಳು ಇರಲೇಬೇಕು. ಇಂಥ ಪ್ರಕರಣಗಳಲ್ಲಿ "ಅವನೇ ಬರೋದು ಬಿಟ್ಟ" ಅನ್ನುವ ವಾದವೇ ಮೊದಲು ಬರುತ್ತದೆ. ಬಾಕಿ ಸಂಬಳ ಕೊಡುತ್ತೇವೆಂದು ಖಾಲಿ ಹಾಳೆಗೋ ರಾಜೀನಾಮೆಗೋ ಸಹಿ ಕೇಳಿದರೆ ದಯವಿಟ್ಟು ಹಾಕಬೇಡಿ.

ಆಮೇಲೆ ಕಾರಣವನ್ನು ಲಿಖಿತವಾಗಿ ಕೇಳಿ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 39ನೇ ಕಲಂ ಪ್ರಕಾರ, ಆರು ತಿಂಗಳು ಸತತ ದುಡಿದವರನ್ನು ತೆಗೆಯಲು ಸಕಾರಣ ಬೇಕು. ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳವೂ ಬೇಕು. ದುರ್ನಡತೆಯ ಆರೋಪವಾದರೆ ವಿಚಾರಣೆ ನಡೆದಿರಬೇಕು.

ಬೇಡಿಕೆ ಹೀಗಿರಲಿ: "15 ದಿನದೊಳಗೆ ಹಿಂಬಾಕಿ ಸಂಬಳದೊಂದಿಗೆ ಮರುನೇಮಿಸಿ, ಆಗದಿದ್ದರೆ ನ್ಯಾಯವಾದ ಇತ್ಯರ್ಥ ಮಾಡಿ." ನೋಟಿಸ್ ಸಂಬಳವೇ 18,000. ಅಂಗಡಿಯಲ್ಲಿ ಹತ್ತು ಅಥವಾ ಹೆಚ್ಚು ಜನರಿದ್ದು, 18,000 ಪೂರ್ತಿ ಮೂಲವೇತನ-ತುಟ್ಟಿಭತ್ಯೆಯಾಗಿದ್ದರೆ ಗ್ರಾಚ್ಯುಟಿ 18,000 × 15 ÷ 26 × 6, ಅಂದರೆ ಸುಮಾರು 62,300 ರೂಪಾಯಿ. ಇದು ನಿಮ್ಮ ಹಕ್ಕಿನ ಹಣ, ಪರಿಹಾರವನ್ನು ಇದಕ್ಕೆ ಹೆಚ್ಚುವರಿಯಾಗಿ ಕೇಳಿ.

ನೋಂದಣಿ ಮತ್ತು ತಲುಪಿದ ಪುರಾವೆ ಸಮೇತ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಪ್ರತಿ ಇಟ್ಟುಕೊಳ್ಳಿ. ಸಂಬಳ ಬಂದ ಬ್ಯಾಂಕ್ ವಿವರ, ಹಾಜರಿ, ವಾಟ್ಸಾಪ್ ಸಂದೇಶ ತೆಗೆದಿಡಿ. ಉತ್ತರ ಬರದಿದ್ದರೆ ತಡಮಾಡದೆ ಅದೇ ಪ್ರತಿಯೊಂದಿಗೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಕೆಲಸದಿಂದ ತೆಗೆದಿದ್ದರ ವಿರುದ್ಧದ ಮೇಲ್ಮನವಿಗೆ ಕಾಲಮಿತಿ ಇದೆ.