ಸಾಲುಗಳ ನಡುವಿನ ಮೌನ ತುಂಡಾಗಿ ಕೇಳುತ್ತಿದ್ದರೆ

"'ಬಾಗಿಲು ತೆರೆದೇ ಇತ್ತು, ಯಾರೂ ಬರಲಿಲ್ಲ' ಅನ್ನುವ ಸಾಲುಗಳಿರುವ ನನ್ನ ಕವನ ನಾನೇ ಓದಿ ರೆಕಾರ್ಡ್ ಮಾಡಿದೆ. ಸಾಲುಗಳ ನಡುವಿನ ಜಾಗವನ್ನೆಲ್ಲ ಎಡಿಟಿಂಗ್‌ನಲ್ಲಿ ಪೂರ್ತಿ ಸೈಲೆಂಟ್ ಮಾಡಿದೆ. ಈಗ ಓದು ತುಂಡು ತುಂಡಾಗಿ ಕೇಳುತ್ತಿದೆ. ಏನು ಮಾಡಲಿ?"

ಅಯ್ಯೋ, ಮತ್ತೆ ಅದೇ! ನಾನೂ ಶುರುವಿನಲ್ಲಿ ಹೀಗೇ ಕೆಡಿಸಿಕೊಂಡವನು. ಖಾಲಿ ಕೋಣೆಗೂ ಒಂದು ಸದ್ದಿರುತ್ತದೆ. ಮಾತಿನ ಹಿಂದೆ ಅದು ಇದ್ದು, ಮೌನದಲ್ಲಿ ಥಟ್ಟನೆ ಇಲ್ಲವಾದರೆ ಇಯರ್‌ಫೋನ್ ಹಾಕಿದವರಿಗೆ ಫೈಲ್ ಕೆಟ್ಟಿದೆ ಅನ್ನಿಸುತ್ತದೆ.

ಮೂಲ ಫೈಲ್ ಇದ್ದರೆ ಅದಕ್ಕೇ ವಾಪಸ್ ಹೋಗಿ. ಇಲ್ಲವಾದರೆ ಅದೇ ಕೋಣೆ, ಅದೇ ಮೈಕ್, ಮೈಕ್ ಸದ್ದನ್ನು ಎಷ್ಟು ಎತ್ತಬೇಕು ಅನ್ನುವ ಗೇನ್ ಕೂಡ ಅಷ್ಟೇ ಇಟ್ಟು 30 ಸೆಕೆಂಡ್ ಸುಮ್ನೆ ಕೂತು ರೆಕಾರ್ಡ್ ಮಾಡಿ. ಕುರ್ಚಿಯೂ ಕಿರುಗುಟ್ಟಬಾರದು. ಖಾಲಿ ಜಾಗಗಳಿಗೆ ಅದನ್ನೇ ತುಂಬಿ, ಎರಡು ತುದಿಯಲ್ಲೂ ಒಂದು ಸದ್ದು ಇಳಿಯುತ್ತಾ ಇನ್ನೊಂದು ಏರುವಂತೆ ಚಿಕ್ಕ ಕ್ರಾಸ್‌ಫೇಡ್ ಕೊಡಿ. ಫ್ಯಾನ್ ಆಗ ಓಡುತ್ತಿದ್ದರೆ ಈಗಲೂ ಓಡಲಿ.

ಈ ಪ್ರಶ್ನೆಗೆ ಒಬ್ಬರು ನಾಯ್ಸ್ ಗೇಟ್ ಹಾಕಿ ಅಂದಿದ್ದಾರೆ, ಅಂದರೆ ಸದ್ದು ಒಂದು ಮಟ್ಟಕ್ಕಿಂತ ಇಳಿದ ಕೂಡಲೇ ಅದನ್ನು ಮುಚ್ಚಿಬಿಡುವ ಸೌಲಭ್ಯ. ಅರ್ಧ ಸರಿ. ಮಾತಿಲ್ಲದ ಕಡೆ ಫ್ಯಾನ್ ಸದ್ದು ಹೋಗುತ್ತದೆ, ನಿಜ. ಆದರೆ ನಮ್ಮ ಸಾಲುಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ, ದನಿ ಇಳಿಯುವುದೂ ಅಲ್ಲೇ. ನಿಮ್ಮ "ಬಾಗಿಲು ತೆರೆದೇ ಇತ್ತು" ಸಾಲಿನ ಕೊನೆಯ ಉಕಾರವನ್ನು ಗೇಟ್ ನುಂಗಿಬಿಡುತ್ತದೆ. ಇನ್ನೊಬ್ಬರು ಕೊಳಲು ಸೇರಿಸಿ ಅಂದಿದ್ದಾರೆ, ಆದರೆ ಪ್ರಶ್ನೆ ಇದ್ದದ್ದು ಮೌನದ ಬಗ್ಗೆ ಅಲ್ವಾ?

ಮೌನವನ್ನು ಎಡಿಟಿಂಗ್‌ನಲ್ಲಿ ಮಾಡಬೇಡಿ, ಓದುವಾಗಲೇ ಇಡಿ. ನಾನು ಹಾಳೆಯ ಮೇಲೆ ಚಿಕ್ಕ ನಿಲುಗಡೆಗೆ ಒಂದು ಗೀಟು, ದೊಡ್ಡದಕ್ಕೆ ಎರಡು ಗೀಟು ಹಾಕಿಕೊಳ್ಳುತ್ತೇನೆ. ಆ "ಇತ್ತು" ಆದಮೇಲೆ ಎರಡು ಗೀಟು. ನಿಂತ ಕೂಡಲೇ ಬಾಯಿ ತೆರೆದು ಸದ್ದಿಲ್ಲದೆ ಉಸಿರು ತೆಗೆದುಕೊಳ್ಳಿ, ಆಮೇಲೆ ತೊಡೆಯ ಮೇಲೆ ಬೆರಳಿನಿಂದ ಎರಡು ಎಣಿಸಿ, "ಯಾರೂ ಬರಲಿಲ್ಲ" ಅನ್ನಿ. ಮುಂದಿನ ಪದಕ್ಕೆ ತಾಗಿಕೊಂಡೇ ಉಸಿರೆಳೆದರೆ ಕೇಳುವವರಿಗೆ ಸುಳಿವು ಸಿಕ್ಕಿಬಿಡುತ್ತದೆ, ದನಿಯೂ ನಡುಗುತ್ತದೆ. ಎರಡು ಎಣಿಕೆ ಜಾಸ್ತಿ ಅನ್ನುವವರಿದ್ದಾರೆ. ನಿಧಾನದ ಕವನಕ್ಕೆ ನನಗೆ ಅದೂ ಕಮ್ಮಿಯೇ.

ಫೋನಿನಲ್ಲಾದರೆ ಇನ್ನೊಂದು ಕಾಟ, ಆಟೋ ಗೇನ್. ನೀವು ನಿಂತಾಗ ಅದು ಸದ್ದು ಹುಡುಕಿಕೊಂಡು ಮೇಲೇರುತ್ತದೆ, ಮುಂದಿನ ಪದ ಧಡಕ್ಕನೆ ಬರುತ್ತದೆ. ಮೌನದ ಜಾಗದಲ್ಲಿ ವೇವ್‌ಫಾರ್ಮ್ ಬರುಬರುತ್ತಾ ದಪ್ಪಗಾಗಿದ್ದರೆ ಇದೇ ಕಾರಣ. ಆಪ್‌ನಲ್ಲಿ ಆಫ್ ಮಾಡಲು ಆಗುತ್ತದಾ ನೋಡಿ. ಆಗದಿದ್ದರೆ ಆಪ್ ಬದಲಿಸಿ. ಅದಕ್ಕಾಗಿ ದುಬಾರಿ ಕಂಡೆನ್ಸರ್ ಮೈಕ್ ತರಲು ಓಡಬೇಡಿ, ಬರಿಗೋಡೆಯ ಕೋಣೆಯಲ್ಲಿ ಅದು ಗೋಡೆಯನ್ನೂ ಸೇರಿಸಿಯೇ ಕೇಳಿಸುತ್ತದೆ.

ಎಡಿಟಿಂಗ್‌ಗೆ ನನ್ನ ಮಟ್ಟಿಗೆ Audacity ಸಾಕು. ಅದರ Truncate Silence ಮಾತ್ರ ಮುಟ್ಟಬೇಡಿ, ನೀವು ಎಣಿಸಿ ಇಟ್ಟ ಮೌನವನ್ನೆಲ್ಲ ಕತ್ತರಿಸಿಹಾಕುತ್ತದೆ. ಸಾಲು ತಪ್ಪಿದರೆ ಇಡೀ ಪದ್ಯಭಾಗವನ್ನು ಆಗಲೇ ಮತ್ತೆ ಓದಿ. ನಾಳೆ ಓದಿದ ಒಂದೇ ಸಾಲನ್ನು ನಡುವೆ ಅಂಟಿಸಿದರೆ ದನಿ ಬೇರೆಯವರದ್ದೇ ಅನ್ನಿಸುತ್ತದೆ.