ಮೂವತ್ತು ಗಂಟೆಯ ಅಂದಾಜು, ನಲವತ್ತೆಂಟು ಗಂಟೆಯ ಕೆಲಸ

ಪ್ರಶ್ನೆ: ಮನೆಯಿಂದಲೇ ಪುಸ್ತಕಗಳ ಪುಟವಿನ್ಯಾಸ ಮಾಡಿಕೊಡುತ್ತೇನೆ. ಎಷ್ಟು ಗಂಟೆ ಬೇಕು ಎಂದು ಲೆಕ್ಕ ಹಾಕಿಯೇ ಕೊಟೇಶನ್ ಕೊಡುತ್ತೇನೆ, ಆದರೂ ಪ್ರತಿ ಸಲ ಕಡಿಮೆ ಬೀಳುತ್ತದೆ. ಎರಡು ತಿಂಗಳಿಂದ ಮೊಬೈಲಿನಲ್ಲಿ ಟೈಮರ್ ಹಾಕಿ ಸಮಯ ಬರೆದಿಟ್ಟಿದ್ದೇನೆ. ಅದನ್ನು ಮುಂದಿನ ಅಂದಾಜಿಗೆ ಬಳಸುವುದು ಹೇಗೆ? ಒಟ್ಟು ಮೊತ್ತಕ್ಕೆ ಶೇ 50 ಸೇರಿಸಿದರೆ ಸಾಕೇ?

ಉತ್ತರ:

ಸಾಲದು. ಶೇ 50 ಸೇರಿಸಿದರೆ ಒಂದು ಪುಸ್ತಕಕ್ಕೆ ದರ ಹೆಚ್ಚಾಗಿ ಕೆಲಸ ಕೈತಪ್ಪುತ್ತದೆ, ಇನ್ನೊಂದಕ್ಕೆ ಮತ್ತೆ ಕಡಿಮೆಯಾಗುತ್ತದೆ. ನಾನೂ ಇದೇ ಕೆಲಸ ಮಾಡುವವನು. ನನ್ನ ಲೆಕ್ಕ ಸರಿಹೋದದ್ದು ಒಂದೇ ಒಂದು ಪುಸ್ತಕದ ಸಮಯವನ್ನು ಬಿಡಿಸಿ ನೋಡಿದ ಮೇಲೆ. ಅದನ್ನೇ ಇಲ್ಲಿ ಇಡುತ್ತೇನೆ.

ಅದು 240 ಪುಟಗಳ ಪ್ರಬಂಧ ಸಂಕಲನ, ಡೆಮಿ 1/8 ಆಕಾರ. ಗಂಟೆಗೆ 300 ರೂಪಾಯಿಯಂತೆ 30 ಗಂಟೆ ಎಂದು ಅಂದಾಜು ಮಾಡಿ 9,000 ರೂಪಾಯಿ ಹೇಳಿದ್ದೆ. ಹಿಡಿದದ್ದು 48 ಗಂಟೆ. ಅಂದರೆ ಕೈಗೆ ಬಂದದ್ದು ಗಂಟೆಗೆ 190 ರೂಪಾಯಿಗೂ ಕಡಿಮೆ. ಅದೃಷ್ಟಕ್ಕೆ, ಕೆಲಸ ಶುರು ಮಾಡುವ ಮೊದಲೇ ಅಂದಾಜನ್ನು ಐದು ಭಾಗ ಮಾಡಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ, ಟೈಮರನ್ನೂ ಅದೇ ಐದು ಹೆಸರುಗಳಲ್ಲಿ ಓಡಿಸಿದ್ದೆ. ಮುಗಿದ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರೆ ಹೀಗಿತ್ತು: ಪಠ್ಯ ಶುಚಿ ಮಾಡುವುದಕ್ಕೆ ಅಂದಾಜು 3, ಹಿಡಿದದ್ದು 8. ಪುಟ ಕಟ್ಟುವುದಕ್ಕೆ ಅಂದಾಜು 18, ಹಿಡಿದದ್ದು 17. ಕರಡಿನ ತಿದ್ದುಪಡಿ ಹಾಕುವುದಕ್ಕೆ 6, ಹಿಡಿದದ್ದು 15. ಫೋನು, ಇಮೇಲ್, ಭೇಟಿಗೆ 1, ಹಿಡಿದದ್ದು 4. ಮುದ್ರಣಕ್ಕೆ ಕೊಡುವ ಅಂತಿಮ ಕಡತಗಳಿಗೆ 2, ಹಿಡಿದದ್ದು 4.

ಪುಟ ಕಟ್ಟುವ ಅಂದಾಜು ತಪ್ಪಿರಲೇ ಇಲ್ಲ. ನಾವು ಯಾವುದನ್ನು ‘ಕೆಲಸ’ ಎಂದುಕೊಳ್ಳುತ್ತೇವೆಯೋ ಅದನ್ನು ಸರಿಯಾಗಿಯೇ ಅಳೆಯುತ್ತೇವೆ. ಅದರ ಹಿಂದೆ ಮುಂದೆ ಇರುವುದನ್ನು ಮಾತ್ರ ಕೆಲಸವೆಂದೇ ಎಣಿಸಿರುವುದಿಲ್ಲ. ಹಾಗಾಗಿ ನಿಮ್ಮ ಎರಡು ತಿಂಗಳ ದಾಖಲೆಯಲ್ಲಿ ‘ಪುಸ್ತಕ ಒಂದು, 48 ಗಂಟೆ’ ಎಂದು ಒಟ್ಟಾಗಿ ಮಾತ್ರ ಇದ್ದರೆ ಅದರಿಂದ ಮುಂದಿನ ಅಂದಾಜು ಹುಟ್ಟುವುದಿಲ್ಲ. ಮುಂದಿನ ಪುಸ್ತಕದಿಂದಲಾದರೂ ಭಾಗ ಮಾಡಿ ಅಳೆಯಿರಿ. ಐದಾರು ಭಾಗ ಸಾಕು. ನಾನು ಮೊದಲು ಹದಿನಾಲ್ಕು ಮಾಡಿಕೊಂಡು, ಯಾವುದಕ್ಕೆ ಟೈಮರ್ ಒತ್ತಬೇಕೆಂದು ಯೋಚಿಸುವುದರಲ್ಲೇ ಬೇಸತ್ತು ಬಿಟ್ಟುಬಿಟ್ಟಿದ್ದೆ.

ಎರಡನೆಯ ಹೆಜ್ಜೆ, ಪ್ರತಿ ಭಾಗದ ಸಮಯ ಯಾವುದರಿಂದ ಹೆಚ್ಚುತ್ತದೆ ಎಂದು ಕಂಡುಕೊಳ್ಳುವುದು. ಪುಟ ಕಟ್ಟುವ ಕೆಲಸ ಪುಟಗಳ ಸಂಖ್ಯೆಯೊಂದಿಗೆ ಏರುತ್ತದೆ. 17 ಗಂಟೆಯನ್ನು 240ಕ್ಕೆ ಹಂಚಿದರೆ ಪುಟಕ್ಕೆ ನಾಲ್ಕು ನಿಮಿಷದ ಮೇಲೆ ಸ್ವಲ್ಪ. ತಿದ್ದುಪಡಿಯ ಲೆಕ್ಕ ಮಾತ್ರ ಬೇರೆಯೇ ಆಗಿತ್ತು, ನನಗೆ ಅತಿ ಹೆಚ್ಚು ಕಲಿಸಿದ್ದೂ ಅದೇ. ಮೊದಲ ಕರಡಿನಲ್ಲಿ 420 ತಿದ್ದುಪಡಿಗಳಿದ್ದವು, 7 ಗಂಟೆ ಹಿಡಿಯಿತು. ಎರಡನೆಯದರಲ್ಲಿ 260, ಅದಕ್ಕೆ 5 ಗಂಟೆ. ಮೂರನೆಯದರಲ್ಲಿ ಬರೀ 80, ಆದರೂ 3 ಗಂಟೆ! ಎಂಬತ್ತು ಸಣ್ಣ ತಿದ್ದುಪಡಿಗೆ ಮೂರು ಗಂಟೆ ಏಕೆಂದು ಆ ದಿನದ ದಾಖಲೆ ತೆಗೆದು ನೋಡಿದೆ. ಒಂದು ಪದ ಸೇರಿಸಿದರೆ ಸಾಲು ಮುಂದಕ್ಕೆ ಜರುಗುತ್ತದೆ, ಅಧ್ಯಾಯದ ಕೊನೆಯ ಎರಡು ಸಾಲು ಹೊಸ ಪುಟಕ್ಕೆ ಹೋಗಿ ಕೂರುತ್ತವೆ. ಅದನ್ನು ಸರಿಪಡಿಸಲು ಇಡೀ ಅಧ್ಯಾಯ ನೋಡಬೇಕು, ಪರಿವಿಡಿಯ ಪುಟಸಂಖ್ಯೆ ಮತ್ತೆ ತಾಳೆ ನೋಡಬೇಕು, ಪಿಡಿಎಫ್ ತೆಗೆದು ಒಮ್ಮೆ ಕಣ್ಣಾಡಿಸಿ ಕಳಿಸಬೇಕು. ತಿದ್ದುಪಡಿ ಎಂಟಿರಲಿ ಎಂಬತ್ತಿರಲಿ, ಈ ಕೆಲಸ ತಪ್ಪುವುದಿಲ್ಲ. ಮೂರೂ ಸುತ್ತುಗಳನ್ನು ಹೋಲಿಸಿದಾಗ ನನಗೆ ಸಿಕ್ಕಿದ ಸೂತ್ರ: ಪ್ರತಿ ಸುತ್ತಿಗೆ 2 ಗಂಟೆ ಕಟ್ಟಿಟ್ಟದ್ದು, ಅದರ ಮೇಲೆ ಪ್ರತಿ ತಿದ್ದುಪಡಿಗೆ ಮುಕ್ಕಾಲು ನಿಮಿಷಕ್ಕಿಂತ ತುಸು ಕಡಿಮೆ. ಅಂದರೆ ನನ್ನ ಗಂಟೆಗಳನ್ನು ತಿನ್ನುತ್ತಿದ್ದದ್ದು ತಿದ್ದುಪಡಿಗಳು ಮಾತ್ರವಲ್ಲ, ಸುತ್ತುಗಳೂ ಹೌದು.

ಪಠ್ಯ ಶುಚಿ ಮಾಡುವ ಸಮಯ ಪುಟದ ಮೇಲಲ್ಲ, ಕಡತ ಹೇಗೆ ಬಂದಿದೆ ಎಂಬುದರ ಮೇಲೆ ನಿಲ್ಲುತ್ತದೆ. ಆ ಲೇಖಕರ ಬರಹ ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿತ್ತು. ಯೂನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವತ್ತುಗಳು ಅಲ್ಲಲ್ಲಿ ಕೆಟ್ಟವು, ನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾದವು. ಒಂದೊಂದನ್ನೂ ಮೂಲದೊಂದಿಗೆ ಹೋಲಿಸಿ ಸರಿಪಡಿಸಬೇಕಾಯಿತು. ಆದ್ದರಿಂದ ಈಗ ದರ ಹೇಳುವ ಮೊದಲು ಹಸ್ತಪ್ರತಿಯ ನಡುವಿನಿಂದ ಹತ್ತು ಪುಟ ಕೇಳಿ ಪಡೆಯುತ್ತೇನೆ, ಟೈಮರ್ ಹಾಕಿ ಶುಚಿ ಮಾಡಿ ನೋಡುತ್ತೇನೆ. ಮೊದಲ ಹತ್ತು ಪುಟ ಬೇಡ, ಮುನ್ನುಡಿಯನ್ನು ಎಲ್ಲರೂ ಚೆನ್ನಾಗಿಯೇ ತಿದ್ದಿ ಕಳಿಸಿರುತ್ತಾರೆ.

ಇದಾದ ಮೇಲೆ ಬಂದದ್ದು 200 ಪುಟಗಳ ಅದೇ ಬಗೆಯ ಪುಸ್ತಕ. ಹಳೆಯ ರೀತಿಯಲ್ಲಾದರೆ 25 ಗಂಟೆ ಎನ್ನುತ್ತಿದ್ದೆ. ಹೊಸ ಲೆಕ್ಕ ಹೀಗೆ ಬಂತು. ಪುಟ ಕಟ್ಟಲು 14 ಗಂಟೆ. ಮಾದರಿಯ ಹತ್ತು ಪುಟ ಶುಚಿ ಮಾಡಲು 20 ನಿಮಿಷ ಹಿಡಿದಿತ್ತು, ಹಾಗಾಗಿ ಇನ್ನೂರಕ್ಕೆ ಸುಮಾರು 7. ಎರಡು ಸುತ್ತು ತಿದ್ದುಪಡಿಗೆ ಕಟ್ಟಿಟ್ಟ 4 ಗಂಟೆ, ಒಟ್ಟು 500 ತಿದ್ದುಪಡಿ ಎಂದುಕೊಂಡರೆ ಇನ್ನೊಂದು 6, ಸೇರಿ 10. ಮಾತುಕತೆಗೆ 4, ಅಂತಿಮ ಕಡತಕ್ಕೆ 4. ಒಟ್ಟು 39 ಗಂಟೆ, 11,700 ರೂಪಾಯಿ. ಹಿಡಿದದ್ದು 42. ಈ ವ್ಯತ್ಯಾಸವನ್ನು ನಾನು ಸಂತೋಷದಿಂದ ಒಪ್ಪುತ್ತೇನೆ.

ಆದರೆ ಒಂದು ಪುಸ್ತಕದ ಅಂಕಿಯನ್ನು ನಂಬಿ ಕೂರಬೇಡಿ. ಐದಾರು ಪುಸ್ತಕ ಮುಗಿದ ಮೇಲೆ ಪ್ರತಿ ಭಾಗದ ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಬರೆಯಿರಿ. ಕೊಟೇಶನ್‌ಗೆ ಸರಾಸರಿಯನ್ನಲ್ಲ, ಕೊನೆಯಿಂದ ಎರಡನೆಯದನ್ನು ತೆಗೆದುಕೊಳ್ಳಿ. ಸರಾಸರಿ ಹಿಡಿದರೆ ಹೆಚ್ಚುಕಡಿಮೆ ಅರ್ಧದಷ್ಟು ಕೆಲಸಗಳು ಮೀರಿಯೇ ಹೋಗುತ್ತವೆ. ನಿಘಂಟು, ಗಣಿತದ ಪಠ್ಯಪುಸ್ತಕದಂಥ ಬೇರೆ ಜಾತಿಯ ಕೆಲಸ ಬಂದರೆ ಪ್ರಬಂಧಗಳ ಅಂಕಿ ಉಪಯೋಗಕ್ಕೆ ಬರುವುದಿಲ್ಲ, ಅಲ್ಲಿ ನಾಲ್ಕು ಪುಟ ಪೂರ್ತಿ ಕಟ್ಟಿ ನೋಡಿಯೇ ಹೇಳಬೇಕು.

ದಾಖಲೆ ಸರಿಯಾಗಿದೆಯೇ ಎಂದು ತಿಳಿಯುವ ಒಂದು ಉಪಾಯವಿದೆ. ಬೆಳಿಗ್ಗೆ ಕೂತ ಹೊತ್ತು, ಸಂಜೆ ಎದ್ದ ಹೊತ್ತು ಬರೆದಿಡಿ. ಊಟ, ಕಾಫಿ ಕಳೆದು ಉಳಿದ ಗಂಟೆಗಳಿಗೂ ಟೈಮರಿನ ಮೊತ್ತಕ್ಕೂ ಒಂದೂವರೆ ಗಂಟೆಗಿಂತ ಹೆಚ್ಚು ಅಂತರವಿದ್ದರೆ ಎಲ್ಲೋ ಸೋರುತ್ತಿದೆ. ನನ್ನಲ್ಲಿ ಸೋರುತ್ತಿದ್ದದ್ದು ಫೋನಿನಲ್ಲಿ. ಏಳು ನಿಮಿಷದ ಕರೆಗೆ ಯಾರು ಟೈಮರ್ ಒತ್ತುತ್ತಾರೆ? ಈಗ ಮೊಬೈಲಿನ ಕರೆ ಪಟ್ಟಿ ನೋಡಿ ರಾತ್ರಿ ಸೇರಿಸುತ್ತೇನೆ. ಮೂರು ಗಂಟೆಗಿಂತ ಉದ್ದದ ದಾಖಲೆ ಕಂಡರೆ ಟೈಮರ್ ನಿಲ್ಲಿಸಲು ಮರೆತಿದ್ದೇನೆ ಎಂದೇ ಅರ್ಥ. ಟೈಮರ್ ಆ್ಯಪ್ ಕ್ಲಾಕಿಫೈ, ಟಾಗಲ್ ಯಾವುದಾದರೂ ಸರಿ, ಉಚಿತ ಆವೃತ್ತಿಯೇ ಸಾಕು.

ಪ್ರಕಾಶಕರು ದರ ಇಳಿಸಲು ಕೇಳಿದರೆ ಗಂಟೆಗಳನ್ನು ಮುಟ್ಟಬೇಡಿ, ಕೆಲಸವನ್ನು ಇಳಿಸಿ. ನಾನು ಕೊಟೇಶನ್ನಿನಲ್ಲಿ ಈಗ ಒಂದು ಸಾಲು ಬರೆಯುತ್ತೇನೆ: ‘ಎರಡು ಸುತ್ತಿನ ತಿದ್ದುಪಡಿ ಈ ಮೊತ್ತದಲ್ಲಿ ಸೇರಿದೆ. ಮೂರನೆಯದರಿಂದ ಪ್ರತಿ ಸುತ್ತಿಗೆ 900 ರೂಪಾಯಿ.’ ಮೊದಲು ವಾರಕ್ಕೊಂದು ಕರಡು ಬಿಡಿಬಿಡಿಯಾಗಿ ತಿದ್ದಿ ಕಳಿಸುತ್ತಿದ್ದ ಪ್ರಕಾಶಕರೊಬ್ಬರು, ಈ ಸಾಲು ಓದಿದ ಮೇಲೆ ಲೇಖಕರನ್ನು ಎದುರಿಗೆ ಕೂರಿಸಿಕೊಂಡು ಒಂದೇ ಪ್ರತಿಯಲ್ಲಿ ಎಲ್ಲವನ್ನೂ ಗುರುತು ಹಾಕಿಸಿ ಕಳಿಸತೊಡಗಿದರು. ಆ ಪುಸ್ತಕ ಒಂದೂವರೆ ಸುತ್ತಿನಲ್ಲಿ ಮುಗಿಯಿತು.