ಜೆರ್ಸಿ ಮೇಲಿದ್ದ ಹೆಸರು ಯಾರದು?

ಪ್ರಶ್ನೆ: ಸತ್ತ ಆನೆಯ ಪಕ್ಕ ಕೋವಿ ಹಿಡಿದು ನಿಂತವನ ಫೋಟೊ ಕಳೆದ ಮಳೆಗಾಲದಲ್ಲಿ ನಮ್ಮ ಎಲ್ಲ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲೂ ಓಡಾಡಿತು. ಅವನು ಹಾಕಿದ್ದ ಹಾಕಿ ಜೆರ್ಸಿ ಮೇಲೆ ಮನೆತನದ ಹೆಸರು ಎದ್ದು ಕಾಣುತ್ತಿತ್ತು, ಫೋಟೊದ ಕೆಳಗೆ ಅವನ ಪೂರ್ತಿ ಹೆಸರೂ ಇತ್ತು. ಊರಿಗೆಲ್ಲ ಗೊತ್ತಿದ್ದ ಹೆಸರನ್ನು ನಿಮ್ಮ ಪತ್ರಿಕೆ ಹಾಕಲೇ ಇಲ್ಲ. ತೋಟದ ಮಾಲೀಕರೆಂಬ ಭಯವೇ? ಫೋಟೊದಲ್ಲಿರುವವರು ಇಂಥವರೇ ಎಂದು ನೀವು ಖಚಿತ ಮಾಡಿಕೊಳ್ಳುವುದಾದರೂ ಹೇಗೆ?
— ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಭಯವಲ್ಲ. ಆ ಹೆಸರು ತಪ್ಪಾಗಿತ್ತು. ಅಷ್ಟೇ ಅಲ್ಲ, ಆಗಸ್ಟ್‌ನಲ್ಲಿ ಸತ್ತು ಸುದ್ದಿಯಾಗಿದ್ದ ಆನೆಯೇ ಬೇರೆ, ಫೋಟೊದಲ್ಲಿದ್ದ ಆನೆಯೇ ಬೇರೆ. ಇದು ತಿಳಿಯಲು ನಮಗೆ ಎರಡು ದಿನ ಹಿಡಿಯಿತು. ಆ ಎರಡು ದಿನ ಏನು ಮಾಡಿದೆವು ಎಂದು ಹೇಳಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕೀತು.

ಮೊದಲು ಫೋಟೊ ಬಿಟ್ಟು ಹೆಸರಿನ ಬೆನ್ನು ಹತ್ತಿದೆವು. ನಮ್ಮ ಕೆಲಸದಲ್ಲಿ ‘ಊರಿಗೆಲ್ಲ ಗೊತ್ತು’ ಎಂಬುದು ಸಾಕ್ಷಿಯಲ್ಲ. ಐವತ್ತು ಜನ ಒಂದೇ ಹೆಸರು ಹೇಳಬಹುದು, ಆ ಐವತ್ತು ಜನರೂ ಅದನ್ನು ಒಂದೇ ಮೆಸೇಜಿನಲ್ಲಿ ಓದಿರಬಹುದು. ಹಾಗಾಗಿ ವರದಿಗಾರರು ಹೆಸರು ಹೇಳಿದ ಪ್ರತಿಯೊಬ್ಬರಿಗೂ ಎರಡೇ ಪ್ರಶ್ನೆ ಕೇಳಿದರು. ಇದು ನಿಮಗೆ ಬಂದದ್ದು ಯಾರಿಂದ? ನೀವು ಈ ಮನುಷ್ಯನನ್ನು ಎದುರಾಎದುರು ಕಂಡಿದ್ದೀರಾ? ಎರಡನೆಯದಕ್ಕೆ ಹೆಚ್ಚಿನವರು “ಕಂಡಿಲ್ಲ, ಆದ್ರೆ ಅವರೇ ಅಂತೆ” ಎಂದರು. ‘ಅಂತೆ’ ಎಂದವರನ್ನೆಲ್ಲ ಪಟ್ಟಿಯಿಂದ ಬಿಟ್ಟೆವು.

ಯಾರಿಂದ ಬಂತು ಎಂದು ಕೇಳುತ್ತ ಹಿಂದೆ ಹಿಂದೆ ಹೋದಾಗ ದಾರಿಗಳೆಲ್ಲ ವಿರಾಜಪೇಟೆ ಕಡೆಯ ಒಂದೇ ಗ್ರೂಪಿಗೆ ಬಂದು ಕೂಡಿದವು. ವಾಟ್ಸ್ಆ್ಯಪ್‌ನಲ್ಲಿ ಐದು ಕೈ ದಾಟಿ ಬಂದ ಮೆಸೇಜಿಗೆ ಜೋಡಿ ಬಾಣದ ಗುರುತು ಬೀಳುತ್ತದೆ. ಆದರೆ ಅದು ಹೊರಟದ್ದು ಎಲ್ಲಿಂದ ಎಂದು ತೋರಿಸುವ ಸೌಲಭ್ಯ ಆ್ಯಪ್‌ನಲ್ಲಿಲ್ಲ. ಒಬ್ಬೊಬ್ಬರ ಫೋನ್ ನೋಡಿ, ಮೆಸೇಜ್ ಬಂದ ಹೊತ್ತು ಬರೆದುಕೊಂಡು, ಅತಿ ಹಿಂದಿನದನ್ನು ಹುಡುಕಬೇಕು. ಹಾಗೆ ಸಿಕ್ಕ ಮೊದಲ ಪ್ರತಿಯಲ್ಲಿ ಹೆಸರೇ ಇರಲಿಲ್ಲ, ಬರೀ ಫೋಟೊ. ಅದರ ಕೆಳಗೆ ಒಬ್ಬರು “ಇದು ನಮ್ಮ ಇಂಥವರಲ್ವಾ?” ಎಂದು ಕೇಳಿದ್ದರು. ಹತ್ತು ನಿಮಿಷದೊಳಗೆ ಇನ್ನೊಬ್ಬರು ಅದೇ ಹೆಸರನ್ನು ಫೋಟೊದ ಕೆಳಗೆ ಸೇರಿಸಿ ಮುಂದಕ್ಕೆ ದಾಟಿಸಿದ್ದರು. ಆ ಹೊತ್ತಿಗೆ ಪ್ರಶ್ನಾರ್ಥಕ ಚಿಹ್ನೆ ಮಾಯವಾಗಿತ್ತು. ನೀವು ಓದಿದ ಹೆಸರಿನ ಮೂಲ ಇಷ್ಟೇ.

ಕೇಳಿದವರನ್ನು ಮಾತಾಡಿಸಿದೆವು. ಅವರೂ ಮುಖ ನೋಡಿ ಹೇಳಿದ್ದಲ್ಲ, ಜೆರ್ಸಿ ನೋಡಿ ಹೇಳಿದ್ದು.

ಕೊಡಗಿನ ಹೊರಗಿನವರಿಗೆ ಈ ಜೆರ್ಸಿ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬ 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾಯಿತು. ಪ್ರತಿ ಬೇಸಿಗೆಯಲ್ಲಿ ಒಂದೊಂದು ಕುಟುಂಬ ಅದನ್ನು ನಡೆಸಿಕೊಡುತ್ತದೆ, ಕಪ್ ಆ ಕುಟುಂಬದ ಹೆಸರಿನಲ್ಲೇ ಇರುತ್ತದೆ. ಹಾಗಾಗಿ ಜೆರ್ಸಿ ಮೇಲಿನ ಮನೆತನದ ಹೆಸರು ಆಡಿದ ಕುಟುಂಬದ್ದೂ ಇರಬಹುದು, ಆ ವರ್ಷದ ಕಪ್‌ನದೂ ಇರಬಹುದು. ಕಪ್‌ನ ಟೀ ಶರ್ಟ್ ಸ್ವಯಂಸೇವಕರು, ಅಂಗಡಿಯವರು, ನೋಡಲು ಬಂದ ನೆಂಟರು ಎಲ್ಲರ ಮೈಮೇಲೂ ಇರುತ್ತದೆ. ಮರುವರ್ಷ ಅದೇ ಅಂಗಿ ಲೈನ್‌ಮನೆಯಲ್ಲಿರುವ ಕಾರ್ಮಿಕರ ಮೈಮೇಲೆ ಕಂಡರೂ ಅಚ್ಚರಿಯಿಲ್ಲ. ನಮ್ಮ ಕ್ರೀಡಾ ವರದಿಗಾರರು ಫೋಟೊ ದೊಡ್ಡದು ಮಾಡಿ ನೋಡಿದರು. ಹೆಸರಿನ ಕೆಳಗೆ ಮಡಿಕೆಯಲ್ಲಿ ಅರ್ಧ ಮುಚ್ಚಿದ್ದ ಅಕ್ಷರಗಳು ‘ಕಪ್’ ಎಂದಿದ್ದವು. ಅಂಗಿ ಹೇಳುತ್ತಿದ್ದದ್ದು ಟೂರ್ನಿಯ ಹೆಸರನ್ನೇ ಹೊರತು ಅದನ್ನು ತೊಟ್ಟವನ ಮನೆಯ ಹೆಸರನ್ನಲ್ಲ.

ಇನ್ನು ಕೋವಿ. ಬೇರೆ ಜಿಲ್ಲೆಯಲ್ಲಾದರೆ ಕೋವಿ ಹಿಡಿದವನು ಎಂಬುದೇ ಒಂದು ಸುಳಿವು. ಇಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಶಸ್ತ್ರ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಆನೆ ಓಡಿಸಲು ಬರುವ ಅರಣ್ಯ ಸಿಬ್ಬಂದಿ ಕೈಯಲ್ಲೂ ಕೋವಿ ಇರುತ್ತದೆ. ಆದ್ದರಿಂದ ಅದರಿಂದ ಯಾರನ್ನೂ ಗುರುತಿಸಲಾಗದು, ಆರೋಪ ಹೊರಿಸುವುದಂತೂ ದೂರದ ಮಾತು.

ಆಮೇಲೆ ಫೋಟೊ. ಇಂಟರ್ನೆಟ್‌ನಲ್ಲಿ ಚಿತ್ರ ಕೊಟ್ಟು ಹುಡುಕುವ ಸೌಲಭ್ಯ ನಿಮಗೂ ಗೊತ್ತಿರುತ್ತದೆ. ಗೂಗಲ್ ಲೆನ್ಸ್‌ನಲ್ಲೂ ಟಿನ್‌ಐನಲ್ಲೂ ಹಾಕಿ ನೋಡಿದೆವು, ಏನೂ ಸಿಗಲಿಲ್ಲ. ಇಂಥ ಹುಡುಕಾಟ ಮುಖ್ಯವಾಗಿ ಹೇಳುವುದು ‘ಇದೇ ಚಿತ್ರ ಮೊದಲು ಬೇರೆಲ್ಲಾದರೂ ಬಂದಿತ್ತೇ’ ಎಂದು. ವಾಟ್ಸ್ಆ್ಯಪ್‌ನಲ್ಲಷ್ಟೇ ಓಡಾಡಿದ ಫೋಟೊ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಸಿಗಲಿಲ್ಲ ಎಂದ ಮಾತ್ರಕ್ಕೆ ಫೋಟೊ ಹೊಸದು ಎಂದು ತಿಳಿಯಬಾರದು. ಫೋಟೊ ತೆಗೆದ ದಿನ, ಹೊತ್ತು, ಕ್ಯಾಮೆರಾ ಇವೆಲ್ಲ ಮೂಲ ಫೈಲಿನೊಳಗೆ ದಾಖಲಾಗಿರುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಫೋಟೊ ಕಳಿಸಿದರೆ ಅದು ಕುಗ್ಗಿ, ಆ ವಿವರಗಳು ಅಳಿಸಿಹೋಗುತ್ತವೆ. ನಮ್ಮ ಕೈಗೆ ಬಂದ ಪ್ರತಿಯಲ್ಲಿ ಅವು ಯಾವುವೂ ಉಳಿದಿರಲಿಲ್ಲ.

ಉಳಿದದ್ದು ಚಿತ್ರದಲ್ಲಿ ಕಣ್ಣಿಗೆ ಕಾಣುವುದು ಮಾತ್ರ. ಎಲ್ಲರ ಕಣ್ಣೂ ಆನೆ ಮತ್ತು ಮನುಷ್ಯನ ಮೇಲೆ ಇತ್ತು. ಅವರ ಹಿಂದೆ ಕಾಫಿ ಗಿಡಗಳಿದ್ದವು, ಅವುಗಳ ಕೊಂಬೆಗಳ ಉದ್ದಕ್ಕೂ ಬೆಳ್ಳಗೆ ಏನೋ ಕಾಣುತ್ತಿತ್ತು. ಮನುಷ್ಯನ ಭಾಗ, ಹೆಸರಿನ ಭಾಗ ಎರಡನ್ನೂ ಕತ್ತರಿಸಿ, ಗಿಡವಿರುವ ತುಂಡನ್ನಷ್ಟೇ ತೋಟವೊಂದರ ಕೆಲಸ ನೋಡಿಕೊಳ್ಳುವ ರೈಟರ್‌ಗೆ ತೋರಿಸಿ “ಇದು ಯಾವ ತಿಂಗಳಿರಬಹುದು?” ಎಂದು ಕೇಳಿದೆವು. “ಹೂ ಅಲ್ವಾ ಸರ್? ಹೂಮಳೆ ಬಿದ್ದ ಮೇಲಿನದು, ಮಾರ್ಚ್ ಏಪ್ರಿಲ್” ಎಂದರು. ಕಾಫಿ ಹೂ ಬಿಡುವುದು ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ, ಮಳೆ ಬಿದ್ದು ಅಥವಾ ಸ್ಪ್ರಿಂಕ್ಲರ್ ಹಾಯಿಸಿ ವಾರ ಹತ್ತು ದಿನಕ್ಕೆ. ಅರಳಿದ್ದು ಮೂರು ನಾಲ್ಕು ದಿನದಲ್ಲಿ ಬಾಡುತ್ತದೆ. ಅಕಾಲದಲ್ಲಿ ಅಲ್ಲೊಂದು ಇಲ್ಲೊಂದು ಹೂ ಕಾಣುವುದುಂಟು, ಗಿಡ ತುಂಬ ಅಲ್ಲ. ಸುದ್ದಿಯಲ್ಲಿದ್ದ ಆನೆ ಸತ್ತದ್ದು ಆಗಸ್ಟ್‌ನಲ್ಲಿ, ಬಿಡದೆ ಸುರಿಯುವ ಮಳೆಯಲ್ಲಿ. ಫೋಟೊದ ನೆಲದಲ್ಲಿ ಒಣಗಿದ ತರಗೆಲೆ ಇತ್ತು. ಅರಣ್ಯ ಇಲಾಖೆಯವರನ್ನು ಕೇಳಿದಾಗ ಇನ್ನೊಂದು ವ್ಯತ್ಯಾಸವೂ ತಿಳಿಯಿತು: ಮರಣೋತ್ತರ ಪರೀಕ್ಷೆಯಾದದ್ದು ಹೆಣ್ಣಾನೆಗೆ, ಫೋಟೊದಲ್ಲಿದ್ದದ್ದಕ್ಕೆ ದಂತವಿತ್ತು. ಏಷ್ಯಾದ ಹೆಣ್ಣಾನೆಗೆ ಹೀಗೆ ಹೊರಚಾಚುವ ದಂತ ಇರುವುದಿಲ್ಲ.

ಅಲ್ಲಿಗೆ ಸುದ್ದಿ ಬಿದ್ದುಹೋಯಿತು. ಆದರೂ ಹೆಸರು ಬಂದವರ ಮಟ್ಟಿಗೆ ಕೆಲಸ ಮುಗಿದಿರಲಿಲ್ಲ. ಹಳೆಯ ಫೋಟೊವೇ ಆದರೂ ಅದರಲ್ಲಿ ನಿಂತವರು ಅವರೇ ಆಗಿರಬಹುದಲ್ಲ?

ಗುರುತು ಹಿಡಿಸುವಾಗ ಕೇಳುವ ರೀತಿ ಬಹಳ ಮುಖ್ಯ. “ಇವರು ಇಂಥವರೇ ಅಲ್ವಾ?” ಎಂದು ಕೇಳಿದರೆ ನಮ್ಮ ಜನ, ಸೌಜನ್ಯಕ್ಕಾದರೂ, “ಹಾಂ, ಅವರ ಹಾಗೇ ಇದೆ” ಎನ್ನುತ್ತಾರೆ. ಹೆಸರು ತೆಗೆದು, ಅದೇ ವಯಸ್ಸಿನ ಬೇರೆ ನಾಲ್ಕು ಮಂದಿಯ ಫೋಟೊಗಳ ಜೊತೆ ಇಟ್ಟು, “ಇವರಲ್ಲಿ ಯಾರಾದರೂ ಗೊತ್ತಾ?” ಎನ್ನಬೇಕು. ಅದನ್ನೂ ಒಬ್ಬೊಬ್ಬರನ್ನೇ ಕರೆದು ಕೇಳಬೇಕು. ಚಹಾ ಅಂಗಡಿಯಲ್ಲಿ ನಾಲ್ವರನ್ನು ಒಟ್ಟಿಗೆ ಕೇಳಿದರೆ ಮೊದಲು ಬಾಯಿಬಿಟ್ಟವನ ಉತ್ತರವೇ ನಾಲ್ವರದೂ ಆಗುತ್ತದೆ. ಆ ತೋಟದ ಮಾಲೀಕರನ್ನು ವರ್ಷಗಳಿಂದ ಬಲ್ಲ ಮೂವರಿಗೆ ಹೀಗೆ ತೋರಿಸಿದೆವು. ಮೂವರಲ್ಲಿ ಒಬ್ಬರೂ ಕೋವಿಯವನ ಮೇಲೆ ಬೆರಳಿಡಲಿಲ್ಲ.

ಕೊನೆಗೆ ಆ ಮಾಲೀಕರಿಗೇ ಫೋನ್ ಮಾಡಿದೆವು. ರಾತ್ರಿಯಿಡೀ ಬೈಗುಳದ ಕರೆ ಬಂದು ಹೈರಾಣಾಗಿದ್ದರು. “ನೀವೂ ಅದನ್ನೇ ಕೇಳೋಕೆ ಮಾಡಿದ್ರಾ?” ಎಂದರು. ಅಲ್ಲ ಎಂದು ಅವರು ಹೇಳಿದರೆ ಅದೂ ಒಂದು ಮಾತು ಮಾತ್ರ, ಪರೀಕ್ಷಿಸಬೇಕು. ಅದೇ ಕೋನದಿಂದ ತೆಗೆದ ಅವರ ಹಳೆಯ ಫೋಟೊಗಳನ್ನು ಕೇಳಿ ಪಡೆದೆವು. ಇಂಥ ಹೋಲಿಕೆಯಲ್ಲಿ ಮೀಸೆ, ಕೂದಲು, ಮೈಕಟ್ಟು ನಂಬುವಂತಿಲ್ಲ, ಅವು ಬದಲಾಗುತ್ತವೆ. ಒಂದೇ ಮನೆತನದವರಲ್ಲಂತೂ ಮುಖದ ಹೋಲಿಕೆ ಸಹಜ. ನಾವು ನೋಡುವುದು ಕಿವಿಯನ್ನು, ಗಾಯದ ಗುರುತನ್ನು. ಕೋವಿಯವನ ಕಿವಿಯ ಹಾಲೆ ಕೆನ್ನೆಗೆ ಅಂಟಿಕೊಂಡಂತಿತ್ತು, ಇವರದು ಬಿಡಿಯಾಗಿ ಜೋತಿತ್ತು. ನೋಡುವ ಮುಂಚೆ ಫೋಟೊ ಎಡಬಲ ತಿರುಗಿಸಿದ್ದಲ್ಲ ಎಂದೂ ಖಚಿತ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಬಲಗಿವಿಗೆ ಎಡಗಿವಿ ಹೋಲಿಸಿ ಕೂತಿರುತ್ತೇವೆ. ಜೆರ್ಸಿಯ ಅಕ್ಷರ ನೇರವಾಗಿದ್ದುದರಿಂದ ಆ ಅನುಮಾನ ಇರಲಿಲ್ಲ. ಕಿವಿ ಹೊಂದಿದರೆ ಅವರೇ ಎಂದು ಹೇಳಲಾಗದು. ಹೊಂದದಿದ್ದರೆ ಅವರಲ್ಲ ಎಂದು, ಚಿತ್ರ ಸ್ಪಷ್ಟವಾಗಿದ್ದಲ್ಲಿ, ಸಾಕಷ್ಟು ಧೈರ್ಯದಿಂದ ಹೇಳಬಹುದು.

ಫೇಸ್‌ಬುಕ್‌ನಲ್ಲಿ ಹೆಸರು ಹುಡುಕಿ, ಸಿಕ್ಕ ಮುಖ ಹೊಂದಿಸಿದರೆ ಆಯಿತಲ್ಲ ಎಂದು ಕೆಲವು ಹೊಸ ವರದಿಗಾರರು ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಇರಾನಿನ ಘಟನೆ. 2009ರ ಜೂನ್ 20ರಂದು ಟೆಹರಾನಿನ ಪ್ರತಿಭಟನೆಯ ವೇಳೆ ನೇದಾ ಆಗಾ ಸೊಲ್ತಾನ್ ಎಂಬ ಯುವತಿ ಗುಂಡೇಟಿಗೆ ಬಲಿಯಾದರು. ಜಗತ್ತಿನ ಮಾಧ್ಯಮಗಳು ಆಕೆಯದೆಂದು ತೋರಿಸಿದ ಫೋಟೊ ನೇದಾ ಸೊಲ್ತಾನಿ ಎಂಬ ಇನ್ನೊಬ್ಬರದು. ಅವರು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು, ಜೀವಂತ ಇದ್ದವರು. ಯಾರೋ ಫೇಸ್‌ಬುಕ್‌ನಿಂದ ತೆಗೆದುಕೊಂಡ ಚಿತ್ರವದು. ಮೃತಳ ಮನೆಯವರು ಸರಿಯಾದ ಫೋಟೊ ಕೊಟ್ಟ ಮೇಲೂ ತಪ್ಪು ಫೋಟೊ ಓಡಾಡುವುದು ನಿಲ್ಲಲಿಲ್ಲ. ಕಡೆಗೆ ಸೊಲ್ತಾನಿ ದೇಶವನ್ನೇ ಬಿಟ್ಟು ಜರ್ಮನಿಯಲ್ಲಿ ಆಶ್ರಯ ಪಡೆಯಬೇಕಾಯಿತು. ಅಲ್ಲಿ ಹೆಸರು ಸುಮಾರಾಗಿ ಸರಿಯಿತ್ತು, ಮುಖ ತಪ್ಪಿತ್ತು. ನಮ್ಮಲ್ಲಿ ಮನೆತನದ ಹೆಸರೂ ಕರೆಯುವ ಹೆಸರೂ ಎರಡೂ ಒಂದೇ ಆಗಿರುವ ಚಿಕ್ಕಪ್ಪ, ಅಣ್ಣನ ಮಗ ಒಂದೇ ಊರಲ್ಲಿರುವುದು ನಿಮಗೇ ಗೊತ್ತು.

ಹಾಗಾದರೆ ಫೋಟೊದಲ್ಲಿದ್ದವನು ಯಾರು? ಕೊನೆಗೂ ಪತ್ತೆಯಾಗಲಿಲ್ಲ. ಆದ್ದರಿಂದ ‘ಆಗಸ್ಟ್‌ನ ಘಟನೆಯದೆಂದು ಹರಿದಾಡುತ್ತಿರುವ ಫೋಟೊ ಬೇಸಿಗೆಯದು, ಬೇರೆ ಆನೆಯದು’ ಎಂದು ಬರೆದು, ಮುಖ ಮಸುಕು ಮಾಡಿ ಹಾಕಿದೆವು. ‘ಇಂಥವರಲ್ಲ’ ಎಂದು ತೋಟದ ಮಾಲೀಕರ ಹೆಸರನ್ನೂ ಬರೆಯಲಿಲ್ಲ. ಅಲ್ಲವೆಂದು ಬರೆದರೂ ಹೆಸರು ಮತ್ತೊಮ್ಮೆ ಆನೆಯ ಪಕ್ಕದಲ್ಲೇ ಅಚ್ಚಾಗುತ್ತದೆ. ಬರೆಯಿರಿ ಎಂದು ಅವರೇ ಕೇಳಿದ್ದರೆ ಬರೆಯುತ್ತಿದ್ದೆವು, ಅವರು ಬೇಡ ಎಂದರು.

ಒಂದು ವೇಳೆ ಹೆಸರು ಸರಿ ಎಂದೇ ತಿಳಿದಿದ್ದರೂ ನೀವು ಎದುರುನೋಡಿದ ಸಾಲು ಬರುತ್ತಿರಲಿಲ್ಲ. ‘ಸತ್ತ ಆನೆಯ ಪಕ್ಕ ನಿಂತಿದ್ದರು’ ಎಂದಷ್ಟೇ ಫೋಟೊ ಹೇಳುತ್ತದೆ. ಕೊಂದದ್ದು ಗುಂಡೋ, ವಿದ್ಯುತ್ ತಂತಿಯೋ, ಕಾಯಿಲೆಯೋ ಎಂಬುದು ಮರಣೋತ್ತರ ವರದಿಯಲ್ಲಿ ಬರಬೇಕು. ಇನ್ನು ಕೆಲವು ಫೋಟೊಗಳಲ್ಲಿ ಇರುವವರು ಯಾರೆಂದು ನೂರಕ್ಕೆ ನೂರು ಗೊತ್ತಿದ್ದರೂ ಹೆಸರು ಹಾಕುವಂತಿಲ್ಲ. ಅತ್ಯಾಚಾರ ಸಂತ್ರಸ್ತರ ಗುರುತು ಬಹಿರಂಗ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್, ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಇವೆ. ಮುಖ ಮಸುಕು ಮಾಡಿ, ಶಾಲೆಯ ಸಮವಸ್ತ್ರ ಹಾಗೇ ಬಿಟ್ಟರೂ ಗುರುತು ಬಿಟ್ಟುಕೊಟ್ಟಂತೆಯೇ.

ನಿಮ್ಮ ಗ್ರೂಪಿನಲ್ಲಿ ಆ ಫೋಟೊವನ್ನು ಸ್ವತಃ ತೆಗೆದವರು ಯಾರಾದರೂ ಇದ್ದರೆ ಮೂಲ ಫೈಲನ್ನು ಡಾಕ್ಯುಮೆಂಟ್ ರೂಪದಲ್ಲಿ, ಇಲ್ಲವೇ ಇಮೇಲ್‌ನಲ್ಲಿ ಕಳಿಸಲು ಹೇಳಿ. ಹಾಗೆ ಕಳಿಸಿದರೆ ಫೋಟೊ ತೆಗೆದ ದಿನದ ವಿವರ ಅಳಿಸುವುದಿಲ್ಲ. ಅದರ ಹಿಂದೆ ಮುಂದೆ ತೆಗೆದ ಬೇರೆ ಫೋಟೊಗಳಿದ್ದರೆ ಅವೂ ಬೇಕು.